ಟ್ಯಾಲಿ ಆಯ್ತು, ಸರಿ. ಲೆಕ್ಕ ಸರಿ ಇದೆಯಾ?

ಎರಡು ದಿನದ ಟ್ರೈನಿಂಗು, ಮಧ್ಯಾಹ್ನ ಊಟ, ಕೊನೆಗೊಂದು ಸರ್ಟಿಫಿಕೇಟು. ಕೈಬರಹದ ಕಿರ್ದಿ, ಖಾತೆ ಪುಸ್ತಕ ಬಿಟ್ಟು ಸಾಫ್ಟ್‌ವೇರಿಗೆ ಬರುವ ಅಕೌಂಟ್ಸ್ ವಿಭಾಗಗಳಿಗೆ ನಾವು ಕೊಡುತ್ತಿರುವುದು ಇಷ್ಟೇ. F4 ಒತ್ತಿದರೆ ಕಾಂಟ್ರಾ, F5 ಪೇಮೆಂಟು, F6 ರಸೀದಿ, F7 ಜರ್ನಲ್ಲು. ಇದನ್ನು ಬಾಯಿಪಾಠ ಮಾಡಿಸಿ ಬಂದ ಮೇಲೆ ಮೂರು ತಿಂಗಳಿಗೆ ಲೆಕ್ಕ ಎಡವಟ್ಟಾದರೆ ನಮ್ಮ ಹತ್ತಿರ ಉತ್ತರ ರೆಡಿ ಇರುತ್ತದೆ: "ಹಳೇ ಜನ ಸಾರ್, ಕಲಿಯೋದಿಲ್ಲ."

ನನ್ನ ತಕರಾರು ಈ ಮಾತಿನ ಮೇಲೆ. ಮೂವತ್ತು ವರ್ಷ ಲೆಕ್ಕ ಬರೆದವರಿಗೆ ನಾಲ್ಕು ಕೀಲಿ ಒತ್ತುವುದು ಕಷ್ಟವಲ್ಲ. ತಪ್ಪು ಸಿಕ್ಕಿಬೀಳುತ್ತಿದ್ದ ಜಾಗವೇ ಬದಲಾಗಿದೆ ಅನ್ನೋದನ್ನು ಅವರಿಗೆ ಯಾರೂ ಹೇಳಿಲ್ಲ. ಹೇಳಬೇಕಾದ ನಮಗೇ ಅದು ಗೊತ್ತಿಲ್ಲ.

ಪುಸ್ತಕದ ಕಾಲದಲ್ಲಿ ಕಿರ್ದಿಯಿಂದ ಖಾತೆಗೆ ಕೈಯಲ್ಲೇ ಎತ್ತಿ ಬರೆಯಬೇಕಿತ್ತು. ಎಲ್ಲೋ ಒಂದು ಕಡೆ ಬಿಟ್ಟುಹೋದರೆ ತಿಂಗಳ ಕೊನೆಗೆ ತಾಳೆ ಪಟ್ಟಿ ಕೂಡುತ್ತಿರಲಿಲ್ಲ. ಆಗ ಹುಡುಕಾಟ ಶುರು. ವ್ಯತ್ಯಾಸವನ್ನು ಎರಡರಿಂದ ಭಾಗಿಸಿ ನೋಡು, ಆ ಮೊತ್ತ ಎಲ್ಲಾದರೂ ಸಿಕ್ಕರೆ ಅದನ್ನು ತಪ್ಪು ಬದಿಗೆ ಬರೆದಿರಬಹುದು. ಒಂಬತ್ತರಿಂದ ಭಾಗ ಹೋದರೆ ಅಂಕಿ ಅದಲುಬದಲಾಗಿರಬಹುದು: 5,400 ಅನ್ನು 4,500 ಅಂತ ಬರೆದರೆ ವ್ಯತ್ಯಾಸ 900. ಇದು ಯಾವ ಕಾಲೇಜಿನ ಸರ್ಟಿಫಿಕೇಟಿಗೂ ಕಡಿಮೆ ಇಲ್ಲದ ವಿದ್ಯೆ.

ಸಾಫ್ಟ್‌ವೇರು ಎರಡೂ ಬದಿ ಸಮ ಇಲ್ಲದ ವೋಚರನ್ನು ತೆಗೆದುಕೊಳ್ಳುವುದೇ ಇಲ್ಲ. ಆರಂಭದ ಬಾಕಿಗಳು ಕೂಡದಿದ್ದರೆ ಬ್ಯಾಲೆನ್ಸ್ ಶೀಟಿನಲ್ಲಿ Difference in opening balances ಅಂತ ತೋರಿಸುತ್ತದೆ. ಅದೊಂದು ಸರಿಯಾದರೆ ತಾಳೆ ಪಟ್ಟಿ ದಿನಾ ಕೂಡುತ್ತದೆ. ತಪ್ಪು ಪಾರ್ಟಿಗೆ ಹಾಕಿದರೂ, 5,400 ಬದಲು ಎರಡೂ ಕಡೆ 4,500 ಹೊಡೆದರೂ, ಇಡೀ ವೋಚರು ತಲೆಕೆಳಗಾದರೂ ಕೂಡುತ್ತದೆ. ಇಷ್ಟು ದಿನ "ಕೂಡಿತು" ಅಂದರೆ ನೆಮ್ಮದಿ ಅಂತ ನಂಬಿದವರ ಮುಂದೆ ಯಾವಾಗಲೂ ಕೂಡುವ ಪಟ್ಟಿ ಇಟ್ಟು, "ನೋಡಿ, ತಪ್ಪೇ ಆಗಲ್ಲ" ಅಂತ ಮಾರುವುದು ಮೋಸ.

ತಲೆಕೆಳಗಾಗುವುದು ಹೇಗೆ ಅಂತಲೂ ಹೇಳುತ್ತೇನೆ. ನಮ್ಮ ಕಡೆ ದುಡ್ಡು ಬಂತು ಅಂದರೆ "ಜಮೆ". ಬ್ಯಾಂಕಿನ ಪಾಸ್‌ಬುಕ್ಕಿನಲ್ಲೂ ದುಡ್ಡು ಕಟ್ಟಿದ ದಿನ ಕ್ರೆಡಿಟ್ ಅಂತಲೇ ಇರುತ್ತದೆ, ಯಾಕೆಂದರೆ ಅದು ಬ್ಯಾಂಕು ಬರೆದ ಲೆಕ್ಕ, ಅದರ ಕಣ್ಣಿಗೆ ನೀವು ಸಾಲ ಕೊಟ್ಟವರು. ನಿಮ್ಮ ಪುಸ್ತಕದಲ್ಲಿ ಬ್ಯಾಂಕು ಡೆಬಿಟ್ ಆಗಬೇಕು. ಪಾಸ್‌ಬುಕ್ ಎದುರಿಗಿಟ್ಟುಕೊಂಡು 15,000 ಕಟ್ಟಿದ್ದನ್ನು ಬ್ಯಾಂಕಿಗೆ ಕ್ರೆಡಿಟ್ ಕೊಟ್ಟರೆ ಸಾಫ್ಟ್‌ವೇರು ಅದನ್ನು ಹಣ ತೆಗೆದದ್ದು ಅಂತ ತಿಳಿಯುತ್ತದೆ. ಬ್ಯಾಂಕ್ ಬಾಕಿ 30,000 ಕಡಿಮೆ, ನಗದು 30,000 ಹೆಚ್ಚು. ತಾಳೆ ಪಟ್ಟಿ ಮಾತ್ರ ಕೂಡಿದೆ! ಇಲ್ಲಿ ಹಳೇ ವಿದ್ಯೆ ಪೂರ್ತಿ ಕೆಲಸಕ್ಕೆ ಬರುತ್ತದೆ. ಸಂಜೆ ಗಲ್ಲಾದಲ್ಲಿರುವ ನೋಟು ಎಣಿಸಿ, ಪರದೆಯ ಅಂಕಿಗೆ ಹೋಲಿಸಿ, ವ್ಯತ್ಯಾಸವನ್ನು ಎರಡರಿಂದ ಭಾಗಿಸಿದರೆ 15,000 ಎದ್ದು ನಿಲ್ಲುತ್ತದೆ. ವಿದ್ಯೆ ಹಳತಾಗಿಲ್ಲ, ಅದನ್ನು ಪ್ರಯೋಗಿಸುವ ಜಾಗ ಬದಲಾಗಿದೆ ಅಷ್ಟೇ. ಕಲಿಸಬೇಕಾದ್ದು ಇದನ್ನು.

ಇನ್ನು ಆರಂಭದ ಬಾಕಿಯ ಕಥೆ. ನಾನು ಹತ್ತಿರದಿಂದ ನೋಡಿದ ಒಂದು ಪೈಪ್ ಫಿಟ್ಟಿಂಗ್ ಸಗಟು ಅಂಗಡಿ, ಅಕೌಂಟ್ಸಿನಲ್ಲಿ ನಾಲ್ಕು ಜನ. ಏಪ್ರಿಲ್ 1ಕ್ಕೆ ಸಾಫ್ಟ್‌ವೇರು. ಹೊರಗಿನಿಂದ ಬಂದ ಡೇಟಾ ಎಂಟ್ರಿ ಹುಡುಗ ಒಂದೊಂದು ಪುಟದ ಕೊನೆಯ ಮೊತ್ತ ನೋಡಿ ಟೈಪ್ ಮಾಡಿದ. ಒಬ್ಬ ಕಂಟ್ರಾಕ್ಟರ್ ಗಿರಾಕಿಯ ಬಾಕಿ 86,400. ಪೈಸೆ ಬಿಡದೆ ಸರಿ.

ಆದರೆ ಆ 86,400 ಅಂದರೆ ಮೂರು ಬಿಲ್ಲು: ಜನವರಿಯದು 31,200, ಫೆಬ್ರವರಿಯದು 28,700, ಮಾರ್ಚಿನದು 26,500. ಜನವರಿ ಬಿಲ್ಲಿನ ಪಕ್ಕ ಪೆನ್ಸಿಲ್ಲಿನಲ್ಲಿ ಒಂದು ಸಾಲು, "4,300 ಮಾಲು ವಾಪಸ್, ನೋಟ್ ಕೊಡಬೇಕು." ಪೆನ್ಸಿಲ್ಲನ್ನು ಯಾರು ಟೈಪ್ ಮಾಡುತ್ತಾರೆ?

ಏಪ್ರಿಲಿನಲ್ಲಿ ಆತ 26,900 ಕಟ್ಟಿದ, ಜನವರಿ ಬಿಲ್ಲಿನಲ್ಲಿ ವಾಪಸಾದ ಮಾಲು ಕಳೆದು. ಸಾಫ್ಟ್‌ವೇರಿನಲ್ಲಿ ಆ ಬಿಲ್ಲೇ ಇಲ್ಲವಲ್ಲ, ರಸೀದಿಯನ್ನು On Account ಅಂತ ಹಾಕಿದರು. ಬಾಕಿ 59,500 ಅಂತ ಬಂತು, ಅದೂ ಏಪ್ರಿಲ್ 1ರ ಹಳೇ ಬಾಕಿ ಅಂತ ಒಂದೇ ಗಂಟಾಗಿ. ಮೇ ತಿಂಗಳಲ್ಲಿ ಹೊಸ ಹುಡುಗಿ ಫೋನ್ ಮಾಡಿ 59,500 ಕೇಳಿದಳು, ಆತ "ನಾನು ಕೊಡಬೇಕಿರೋದು 55,200" ಅಂದ. ಜಗಳ. ಪುಟ ಬರೆದ ಹಿರಿಯ ಗುಮಾಸ್ತರನ್ನು ಕರೆದಾಗ ಅವರು ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದರು. "ನನ್ನನ್ನ ಮೊದಲೇ ಕೇಳಬಾರದಿತ್ತೇನಪ್ಪಾ?"

ಟ್ರೈನಿಂಗಿನ ಮೊದಲ ಪಾಠ ಇಲ್ಲಿಂದ ಶುರುವಾಗಬೇಕು, ಡೆಮೊ ಕಂಪನಿಯಿಂದಲ್ಲ. ಡೆಮೊ ಕಂಪನಿಯಲ್ಲಿ ಪೆನ್ಸಿಲ್ ಗುರುತು ಇರುವುದಿಲ್ಲ. ಪುಟ ಬರೆದವರೇ ತಮ್ಮ ಪಾರ್ಟಿಗಳ ಬಾಕಿ ಬಿಲ್ಲುಗಳನ್ನು ಒಂದೊಂದಾಗಿ, ತಾರೀಖು ಸಮೇತ ಪಟ್ಟಿ ಮಾಡಲಿ. ಬಾಕಿ ಉಳಿದ ನೋಟುಗಳನ್ನು ಮಾರ್ಚ್ 31ರೊಳಗೆ ಪುಸ್ತಕದಲ್ಲೇ ಇತ್ಯರ್ಥ ಮಾಡಲಿ. ಪಟ್ಟಿಯ ಮೊತ್ತ ಪುಟದ ಬಾಕಿಗೆ ಕೂಡಿದ ಮೇಲೆ ಅವರೇ ಕೂತು ಬಿಲ್‌ವಾರು ಹಾಕಲಿ. ಆಗ ರಸೀದಿ ಬಂದಾಗ Agst Ref ಆರಿಸಿದರೆ ಯಾವ ಬಿಲ್ಲು ಅಂತ ಕಣ್ಣ ಮುಂದಿರುತ್ತದೆ, ಕೀಲಿಗಳೂ ತಂತಾನೇ ರೂಢಿಯಾಗುತ್ತವೆ.

ಪಟ್ಟಿಯಿಂದ ಹೆಸರು ಆರಿಸುವುದರಲ್ಲೂ ಒಂದು ಹಳ್ಳ ಇದೆ. ಪುಸ್ತಕದಲ್ಲಿ ಪಾರ್ಟಿ ಅಂದರೆ ಪುಟದ ನಂಬರು. ಪರದೆಯ ಮೇಲೆ "ಮಂಜುನಾಥ" ಅಂತ ಹೊಡೆದರೆ ಮೂವರು ಮಂಜುನಾಥರು ಸಾಲಾಗಿ ನಿಲ್ಲುತ್ತಾರೆ, ಎಂಟರ್ ಒತ್ತಿದರೆ ಮೊದಲನೆಯವನಿಗೆ ಹೋಗುತ್ತದೆ. ಹೆಸರಿನ ಜೊತೆ ಊರೋ ಹಳೇ ಪುಟದ ನಂಬರೋ ಸೇರಿಸಿ. ವಾರಕ್ಕೊಮ್ಮೆ ಗಿರಾಕಿಗಳ ಪಟ್ಟಿಯಲ್ಲಿ ಕ್ರೆಡಿಟ್ ಬಾಕಿ ಇರುವವರನ್ನು ಹುಡುಕಿ. ಮುಂಗಡ ಕೊಡದ ಗಿರಾಕಿಗೆ ನಾವೇ ಕೊಡಬೇಕು ಅಂತ ತೋರಿಸುತ್ತಿದ್ದರೆ ಇನ್ನೊಬ್ಬ ಮಂಜುನಾಥನ ದುಡ್ಡು ಅಲ್ಲಿ ಬಿದ್ದಿರುವ ಸಾಧ್ಯತೆ ಹೆಚ್ಚು.

ಒಂದು ತಿಂಗಳು ಎರಡೂ ಕಡೆ ಬರೆಯಿರಿ ಅಂದರೆ ಮಾಲೀಕರು ಮೂಗು ಮುರಿಯುತ್ತಾರೆ, ಡಬಲ್ ಕೆಲಸ ಅಂತ. ಹೌದು, ಡಬಲ್ ಕೆಲಸವೇ. ಆ ತಿಂಗಳು ಒಬ್ಬ ಹೆಚ್ಚಿನ ಕೈಯನ್ನು ಕೊಡಿ. ಇಲ್ಲದಿದ್ದರೆ ಹಗಲೆಲ್ಲ ಪುಸ್ತಕ ಬರೆದು ಸಂಜೆ ಅದನ್ನೇ ನೋಡಿ ಸಾಫ್ಟ್‌ವೇರಿಗೆ ನಕಲು ಹೊಡೆಯುತ್ತಾರೆ. ಪುಸ್ತಕದ ತಪ್ಪು ಹಾಗೇ ಪರದೆಗೆ ಹೋಗುತ್ತದೆ, ಹೋಲಿಸಿದರೂ ಸಿಗುವುದಿಲ್ಲ. ಎರಡನ್ನೂ ಮೂಲ ಬಿಲ್ಲು, ರಸೀದಿ ನೋಡಿಯೇ ಬರೆಯಬೇಕು, ಆದರೆ ಬೇರೆ ಬೇರೆ ಜನ.

ಇನ್ನೊಂದು ಮಾತು. ಪುಸ್ತಕದಲ್ಲಿ ತಪ್ಪಾದರೆ ಕೆಂಪು ಶಾಯಿಯಲ್ಲಿ ಗೀಟು ಎಳೆದು ಸಹಿ ಹಾಕುತ್ತಿದ್ದರು, ಹಳೇ ಅಂಕಿ ಕಾಣುತ್ತಿತ್ತು. ಸಾಫ್ಟ್‌ವೇರಿನಲ್ಲಿ ವೋಚರು ತೆರೆದು ತಿದ್ದಿದರೆ ಗುರುತೇ ಇರುವುದಿಲ್ಲ, ತಿದ್ದುಪಡಿಯ ದಾಖಲೆ ಇಡುವ ಸೌಲಭ್ಯ ಇಲ್ಲದಿದ್ದರೆ. ಕಂಪನಿಗಳಿಗೆ ಏಪ್ರಿಲ್ 1, 2023ರಿಂದ ಅಂಥ ದಾಖಲೆ ಇಡುವ ಸಾಫ್ಟ್‌ವೇರೇ ಬೇಕು ಅಂತ ಕಾನೂನಿದೆ. ಆ ನಿಯಮ ಮಾಲೀಕನೊಬ್ಬನದೇ ಆದ ಅಂಗಡಿಗೆ ಬರುವುದಿಲ್ಲ. ಆದರೂ ಅದನ್ನು ಚಾಲೂ ಇಡಿ. ಬೈಯುವುದಕ್ಕಲ್ಲ, ಯಾರಿಗೆ ಯಾವ ವೋಚರು ಪದೇ ಪದೇ ತಿದ್ದಬೇಕಾಗುತ್ತಿದೆ ಅಂತ ನೋಡಿ ಎರಡನೇ ವಾರದ ಪಾಠವನ್ನು ಅದರ ಮೇಲೇ ಮಾಡುವುದಕ್ಕೆ.

ಏಪ್ರಿಲ್ 30ರ ಸಂಜೆ ನಗದು ಗಲ್ಲಾಕ್ಕೆ, ಬ್ಯಾಂಕು ಸ್ಟೇಟ್‌ಮೆಂಟಿಗೆ, ಪಾರ್ಟಿ ಬಾಕಿಗಳು ಪುಸ್ತಕಕ್ಕೆ ಕೂಡಿದರೆ ಮಾತ್ರ ಖಾತೆ ಪುಸ್ತಕದ ಕೊನೆಗೆ ಗೀಟು ಎಳೆದು ನಾಲ್ವರೂ ಸಹಿ ಹಾಕಲಿ. ಯಾವುದಾದರೂ ಒಂದು ಕೂಡದಿದ್ದರೆ ಮೇ ತಿಂಗಳೂ ಪುಸ್ತಕ ನಡೆಯಲಿ, ಟ್ರೈನಿಂಗಿನವರ ಕೊನೆಯ ಕಂತಿನ ಚೆಕ್ಕು ಡ್ರಾಯರಿನಲ್ಲೇ ಇರಲಿ.