ಮಾವಿನಹಣ್ಣು ನನ್ನಿಂದ ತಿನ್ನಲ್ಪಟ್ಟಿತು



ಹೋದ ತಿಂಗಳ ಕಿರುಪರೀಕ್ಷೆಯಲ್ಲಿ ಇಂಗ್ಲಿಷ್ ವ್ಯಾಕರಣಕ್ಕೆ ಹತ್ತು ವಾಕ್ಯ ಕೊಟ್ಟಿದ್ದರು. ಐದನ್ನು ಆಕ್ಟಿವ್‌ನಿಂದ ಪ್ಯಾಸಿವ್ ವಾಯ್ಸ್‌ಗೆ, ಐದನ್ನು ಡೈರೆಕ್ಟ್‌ನಿಂದ ಇನ್‌ಡೈರೆಕ್ಟ್ ಸ್ಪೀಚ್‌ಗೆ ಬದಲಾಯಿಸಬೇಕಿತ್ತು. ನನಗೆ ಬಂದದ್ದು ನಾಲ್ಕು ಅಂಕ, ನನ್ನ ಪಕ್ಕದವನಿಗೆ ಮೂರು. ಗೈಡಿನಲ್ಲಿದ್ದ ಪಟ್ಟಿಯನ್ನು ಇಬ್ಬರೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡು ಹೋಗಿದ್ದೆವು. ಆದರೂ ಹೀಗಾಯ್ತಲ್ಲ ಅಂತ ಭಾನುವಾರ ಕೂತು ತಪ್ಪುಗಳನ್ನೆಲ್ಲ ನೋಡಿದೆವು. ಆಗ ಹೊಳೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. (ಈ ಪತ್ರಿಕೆಯಲ್ಲಿ ಕನ್ನಡ ಅಕ್ಷರ ಮಾತ್ರ ಇರಬೇಕೆಂದು ಸಂಪಾದಕರ ಕಟ್ಟುನಿಟ್ಟು, ಆದ್ದರಿಂದ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡದಲ್ಲೇ ಓದಿಕೊಳ್ಳಿ.)

ಮೊದಲು ಪ್ಯಾಸಿವ್ ವಾಯ್ಸ್. ಇದು ನಮಗೆ ಹೊಸದೇನಲ್ಲ. ಕನ್ನಡ ಪಂಡಿತರು ಕರ್ತರಿ, ಕರ್ಮಣಿ ಎಂದು ಹೇಳಿಕೊಟ್ಟಿದ್ದಾರೆ. 'ರಾಜುವು ಮಾವಿನಹಣ್ಣನ್ನು ತಿಂದನು' ಎಂಬುದು 'ರಾಜುವಿನಿಂದ ಮಾವಿನಹಣ್ಣು ತಿನ್ನಲ್ಪಟ್ಟಿತು' ಎಂದಾಗುತ್ತದೆ. ಹಣ್ಣಿಗಿದ್ದ 'ಅನ್ನು' ಹೋಯಿತು, ರಾಜುವಿಗೆ 'ಇಂದ' ಬಂತು. ಇಂಗ್ಲಿಷಿನಲ್ಲೂ ಅದೇ ಲೆಕ್ಕ. 'ರಾಜು ಏಟ್ ಎ ಮ್ಯಾಂಗೊ' ಎಂಬುದು 'ಎ ಮ್ಯಾಂಗೊ ವಾಸ್ ಈಟನ್ ಬೈ ರಾಜು' ಆಗುತ್ತದೆ. ಇಲ್ಲಿ 'ಈಟನ್' ಅನ್ನೋದು ಗೂಟದ ಹಾಗೆ ಕದಲದೆ ನಿಂತಿರುತ್ತದೆ, ಕಾಲವೆಲ್ಲ ಅದರ ಹಿಂದಿನ ಪದದಲ್ಲಿ ಬದಲಾಗುತ್ತದೆ. ತಿನ್ನುತ್ತಾನೆ ಎಂದರೆ 'ಈಸ್ ಈಟನ್', ತಿಂದ ಎಂದರೆ 'ವಾಸ್ ಈಟನ್', ತಿನ್ನುತ್ತಿದ್ದಾನೆ ಎಂದರೆ 'ಈಸ್ ಬೀಯಿಂಗ್ ಈಟನ್', ಮುಂದೆ ತಿನ್ನುವನು ಎಂದರೆ 'ವಿಲ್ ಬಿ ಈಟನ್'. ಇಷ್ಟು ನಮಗೆಲ್ಲ ಬರುತ್ತದೆ.

ನಾನು ಎಡವಿದ್ದು ಬೇರೆ ಕಡೆ. ಪ್ಯಾಸಿವ್ ಮಾಡಲು ಆಗುವುದಿದ್ದರೆ ಮಾತ್ರ ಮಾಡಿ ಎಂದು ಹೇಳಿ ಮೇಷ್ಟ್ರು ಬೇಕಂತಲೇ ಒಂದು ವಾಕ್ಯ ಸೇರಿಸಿದ್ದರು, 'ದ ಬಸ್ ಕೇಮ್ ಲೇಟ್'. ನಾನು 'ಲೇಟ್ ವಾಸ್ ಕಮ್ ಬೈ ದ ಬಸ್' ಅಂತ ಬರೆದೆ! ಮೇಷ್ಟ್ರು ಅದರ ಪಕ್ಕ ಕೆಂಪು ಮಸಿಯಲ್ಲಿ 'ಬರಲ್ಪಟ್ಟಿತೇ?' ಎಂದು ಬರೆದಿದ್ದರು. ಓದಿ ನಗುವೂ ಬಂತು, ಉಪಾಯವೂ ಸಿಕ್ಕಿತು. ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದು 'ಏನನ್ನು? ಯಾರನ್ನು?' ಎಂದು ಕೇಳಬೇಕು. ಉತ್ತರ ಬಂದರೆ ಸಾಮಾನ್ಯವಾಗಿ ಪ್ಯಾಸಿವ್ ಆಗುತ್ತದೆ. ಬಸ್ಸು ಏನನ್ನು ಬಂತು ಅಂದರೆ ಉತ್ತರವೇ ಇಲ್ಲ. 'ಐ ಹ್ಯಾವ್ ಎ ಕೌ' ಎಂಬುದರಲ್ಲಿ ಹಸು ಕರ್ಮದ ಹಾಗೆ ಕಾಣುತ್ತದೆ, ಆದರೆ ಕನ್ನಡದಲ್ಲಿ 'ನನ್ನ ಹತ್ತಿರ ಹಸು ಇದೆ' ಎನ್ನುತ್ತೇವೆಯೇ ಹೊರತು 'ಹಸುವನ್ನು' ಎನ್ನುವುದಿಲ್ಲ. ಅದಕ್ಕೂ ಪ್ಯಾಸಿವ್ ಇಲ್ಲ.

ಇನ್ನೊಂದು, 'ಸಮ್‌ಒನ್ ಸ್ಟೋಲ್ ಮೈ ಸೈಕಲ್'. ನಾನು 'ಮೈ ಸೈಕಲ್ ವಾಸ್ ಸ್ಟೋಲನ್ ಬೈ ಸಮ್‌ಒನ್' ಎಂದು ಬರೆದೆ. 'ಬೈ ಸಮ್‌ಒನ್' ಬೇಡ ಎಂದು ಅರ್ಧ ಅಂಕ ಕಡಿದರು. ನಿಯಮದ ಪ್ರಕಾರ ಸರಿಯಾಗಿದೆಯಲ್ಲ ಸಾರ್ ಎಂದು ವಾದ ಮಾಡಿದ್ದೆ. ಮರುದಿನ ಪಂಚಾಯ್ತಿ ಕಟ್ಟೆ ದಾಟಿ ಬರುವಾಗ ನೋಟೀಸು ಕಾಣಿಸಿತು: 'ನೀರಿನ ಕಂದಾಯ ಕಟ್ಟದವರ ನಲ್ಲಿ ಸಂಪರ್ಕ ಕಡಿತಗೊಳಿಸಲಾಗುವುದು.' ಯಾರು ಕಡಿತಗೊಳಿಸುತ್ತಾರೆ? ಬರೆದಿಲ್ಲ. ಸೈಕಲ್ ಅಂಗಡಿ ಬೋರ್ಡಿನಲ್ಲಿ 'ಇಲ್ಲಿ ಪಂಚರ್ ಹಾಕಲಾಗುವುದು', ಅಲ್ಲೂ ಹಾಕುವವನ ಹೆಸರಿಲ್ಲ. ಮಾಡುವವನು ಗೊತ್ತಿಲ್ಲದಾಗ, ಗೊತ್ತಿದ್ದೂ ಹೇಳಬೇಕಾಗಿಲ್ಲದಾಗ ಅಥವಾ ಹೇಳಲು ಮನಸ್ಸಿಲ್ಲದಾಗಲೇ ಜನ ಕರ್ಮಣಿಯನ್ನು ಹುಡುಕಿಕೊಂಡು ಹೋಗುವುದು. ಕಳ್ಳ ಯಾರೋ ಗೊತ್ತಿಲ್ಲ, ಅದಕ್ಕೇ ಸೈಕಲ್ಲನ್ನು ಮುಂದೆ ತಂದೆವು. ಮತ್ತೆ 'ಯಾರೋ ಒಬ್ಬರಿಂದ' ಎಂದು ಬಾಲ ಅಂಟಿಸಿದರೆ ಮುಂದೆ ತಂದದ್ದು ಯಾಕೆ? ಅರ್ಧ ಅಂಕ ಹೋದದ್ದು ಸರಿಯೇ. ಆದರೆ ನನ್ನ ಅಭಿಪ್ರಾಯದಲ್ಲಿ ಅಭ್ಯಾಸದ ವಾಕ್ಯಗಳೂ ಹೀಗೇ ಇರಬೇಕು. 'ಎ ಮ್ಯಾಂಗೊ ವಾಸ್ ಈಟನ್ ಬೈ ಮಿ' ಎಂದು ಯಾರು ಹೇಳುತ್ತಾರೆ? ಮನೆಯಲ್ಲಿ ನಾನು 'ಅಜ್ಜೀ, ಮಾವಿನಹಣ್ಣು ನನ್ನಿಂದ ತಿನ್ನಲ್ಪಟ್ಟಿತು' ಅಂದರೆ ಅಜ್ಜಿ ಹಣೆ ಮುಟ್ಟಿ ಜ್ವರ ನೋಡ್ತಾಳೆ.

ಇನ್ನು ಇನ್‌ಡೈರೆಕ್ಟ್ ಸ್ಪೀಚ್. ಹೆಚ್ಚು ಅಂಕ ಹೋದದ್ದು ಇಲ್ಲೇ. ಇದರ ಮೂಲ ನಮ್ಮ 'ಅಂತ' ಎನ್ನುವ ಪದದಲ್ಲಿದೆ ಅಂತ ನನ್ನ ಅನುಮಾನ. (ನೋಡಿ, ಈಗಲೂ ಬಂತು.) ಪರೀಕ್ಷೆಯಲ್ಲಿದ್ದ ವಾಕ್ಯ ಇದು:

ಗಂಗಾ ಸೆಡ್ ಟು ಮಿ, 'ಐ ವಿಲ್ ರಿಟರ್ನ್ ಯುವರ್ ಬುಕ್ ಟುಮಾರೊ.'

ಇದನ್ನೇ ನಾವು ಮನೆಯಲ್ಲಿ ಹೇಳುವಾಗ 'ನಾಳೆ ನಿನ್ನ ಪುಸ್ತಕ ವಾಪಸ್ ಕೊಡ್ತೀನಿ ಅಂತ ಗಂಗಾ ಹೇಳಿದ್ಲು' ಎನ್ನುತ್ತೇವೆ. ಗಂಗಾಳ ಬಾಯಿಂದ ಬಂದ ಮಾತನ್ನು ಎತ್ತಿ ಹಾಗೆಯೇ ಇಟ್ಟು, ಕೊನೆಗೆ ಒಂದು 'ಅಂತ' ಹಾಕಿದರೆ ಮುಗಿಯಿತು. ಕಾಲ ಬದಲಾಗಲಿಲ್ಲ, ನಾಳೆ ನಾಳೆಯಾಗಿಯೇ ಉಳಿಯಿತು. ಅದೇ ರೂಢಿಯಲ್ಲಿ ಪಕ್ಕದವನು 'ಗಂಗಾ ಟೋಲ್ಡ್ ಮಿ ದಟ್ ಐ ವಿಲ್ ರಿಟರ್ನ್ ಯುವರ್ ಬುಕ್ ಟುಮಾರೊ' ಎಂದು ಬರೆದ. ಅವನು 'ದಟ್' ಅಂದರೆ 'ಅಂತ' ಎಂದುಕೊಂಡಿದ್ದ. ಇಂಗ್ಲಿಷಿನವರು ಈ ವಾಕ್ಯ ಓದಿದರೆ, ಪುಸ್ತಕ ಕೊಡಬೇಕಾದವನು ಇವನೇ ಅಂತ ತಿಳಿಯುತ್ತಾರೆ!

ಇಂಗ್ಲಿಷಿನಲ್ಲಿ ಎಲ್ಲವನ್ನೂ ವರದಿ ಹೇಳುವವನ ಜಾಗದಲ್ಲಿ ನಿಂತು ನೋಡಬೇಕು. ಈಗ ಹೇಳುತ್ತಿರುವವನು ನಾನು. ಗಂಗಾಳ 'ಐ' ನನಗೆ 'ಶೀ'. ಅವಳು 'ಯುವರ್' ಅಂದದ್ದು ನನ್ನ ಪುಸ್ತಕಕ್ಕೆ, ಆದ್ದರಿಂದ 'ಮೈ'. ಹೇಳಿದ್ದು ಹಿಂದೆ, ಆದ್ದರಿಂದ 'ವಿಲ್' ಹೋಗಿ 'ವುಡ್'. ಅವಳ ನಾಳೆ ನನಗೆ ಈಗ ಕಳೆದುಹೋಗಿರಬಹುದು, ಆದ್ದರಿಂದ 'ದ ನೆಕ್ಸ್ಟ್ ಡೇ'. ಎಲ್ಲ ಸೇರಿದರೆ: 'ಗಂಗಾ ಟೋಲ್ಡ್ ಮಿ ದಟ್ ಶೀ ವುಡ್ ರಿಟರ್ನ್ ಮೈ ಬುಕ್ ದ ನೆಕ್ಸ್ಟ್ ಡೇ.' ಕನ್ನಡ ವರ್ತಮಾನ ಪತ್ರಿಕೆಯವರೂ 'ತಾವು ಮರುದಿನ ಬರುವುದಾಗಿ ಸಚಿವರು ತಿಳಿಸಿದರು' ಎಂದು ಬರೆಯುತ್ತಾರಲ್ಲ, ಆ ಧಾಟಿಯನ್ನು ನೆನೆದರೆ ಸುಲಭವಾಗುತ್ತದೆ.

ಪ್ರಶ್ನೆಯಲ್ಲೂ 'ಅಂತ' ಮೋಸ ಮಾಡುತ್ತದೆ. 'ವೇರ್ ಆರ್ ಯು ಗೋಯಿಂಗ್?' ಎಂದು ಮೇಷ್ಟ್ರು ಕೇಳಿದರು. ನಾನು 'ಆಸ್ಕ್‌ಡ್ ಮಿ ದಟ್ ವೇರ್ ವಾಸ್ ಐ ಗೋಯಿಂಗ್' ಎಂದು ಬರೆದೆ. ಎರಡು ತಪ್ಪು. 'ವೇರ್' ಇರುವಾಗ 'ದಟ್' ಬೇಡ, ಮತ್ತು ಇದು ಈಗ ಪ್ರಶ್ನೆಯಲ್ಲ, ಬರೀ ಸುದ್ದಿ. ಹಾಗಾಗಿ 'ವೇರ್ ಐ ವಾಸ್ ಗೋಯಿಂಗ್'. ಹೌದು, ಇಲ್ಲ ಎಂದು ಉತ್ತರ ಬರುವ ಪ್ರಶ್ನೆಯಾದರೆ 'ದಟ್' ಜಾಗದಲ್ಲಿ 'ಇಫ್' ಹಾಕಬೇಕು.

ಪಟ್ಟಿಯ ಮೇಲೆ ನನಗಿರುವ ದೂರು ಒಂದೇ. 'ಟುಮಾರೊ' ಬಂದರೆ ಕಣ್ಣುಮುಚ್ಚಿ 'ದ ನೆಕ್ಸ್ಟ್ ಡೇ' ಮಾಡಿ ಎನ್ನುತ್ತದೆ. ಗಂಗಾ ಬೆಳಿಗ್ಗೆ ಹೇಳಿದ್ದನ್ನು ನಾನು ಅದೇ ಸಂಜೆ ಅಮ್ಮನಿಗೆ ಹೇಳಿದರೆ ನಾಳೆ ಇನ್ನೂ ನಾಳೆಯೇ, 'ಟುಮಾರೊ' ಎಂದರೆ ತಪ್ಪೇನೂ ಇಲ್ಲ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂಬಂಥ ಮಾತಿನಲ್ಲೂ 'ಗೋಸ್' ಎಂಬುದನ್ನು 'ವೆಂಟ್' ಮಾಡಬೇಕಾಗಿಲ್ಲ, ಅದು ಇವತ್ತೂ ತಿರುಗುತ್ತಿದೆ. ಯಾರು, ಯಾವಾಗ, ಎಲ್ಲಿ ನಿಂತು ಹೇಳುತ್ತಿದ್ದಾರೆ ಎಂಬುದನ್ನು ಕೊಡದೆ ಬರೀ ವಾಕ್ಯ ಕೊಟ್ಟರೆ ನಾವು ಪಟ್ಟಿ ನೋಡದೆ ಇನ್ನೇನು ಮಾಡಬೇಕು? ಆದ್ದರಿಂದ ಮೇಷ್ಟ್ರಲ್ಲಿ ನನ್ನ ವಿನಂತಿ, ತರಗತಿಯ ಅಭ್ಯಾಸದಲ್ಲಾದರೂ ಪ್ರತಿ ವಾಕ್ಯದ ಕೆಳಗೆ ಅದೊಂದು ಸಾಲು ಸೇರಿಸಿ ಕೊಡಿ. ದೊಡ್ಡ ಪರೀಕ್ಷೆಯಲ್ಲಿ ಪಟ್ಟಿಯಂತೆಯೇ ಬರೆಯುತ್ತೇವೆ, ಅಂಕ ಬೇಕಲ್ಲ.

ಮಾದರಿಗೆ ಒಂದನ್ನು ನಾನೇ ಕೊಡುತ್ತೇನೆ. ಗಂಗಾ ಸೆಡ್ ಟು ಮಿ, 'ಈಸ್ ಯುವರ್ ಬ್ರದರ್ ಪ್ಲೇಯಿಂಗ್ ಹಿಯರ್ ಟುಮಾರೊ?' ಅವಳು ಕೇಳಿದ್ದು ಶಾಲೆಯ ಮೈದಾನದಲ್ಲಿ, ನಾನು ಹೇಳುತ್ತಿರುವುದು ಮನೆಯಲ್ಲಿ, ನಾಲ್ಕು ದಿನ ಬಿಟ್ಟು. ಉತ್ತರವನ್ನು ಚೀಟಿಯಲ್ಲಿ ಬರೆದು ಪತ್ರಿಕೆಯ ಪಕ್ಕದ ಡಬ್ಬಿಗೆ ಹಾಕಿ.

— ಹತ್ತನೇ ತರಗತಿ, 'ಬ' ವಿಭಾಗ