ಕಂಪನಿಯ ಉತಾರ ನೋಡಿದಿರಾ?

ನಮ್ಮ ಬೆಳವಣಕಿ ಕಡೆ ಎರಡು ಎಕರೆ ಎರೆಹೊಲ ಕೊಳ್ಳುವವನೂ ಉತಾರ ತೆಗೆಸದೆ ಮುಂಗಡ ಕೊಡುವುದಿಲ್ಲ. ಹೊಲ ಯಾರ ಹೆಸರಿನಲ್ಲಿದೆ, ಮೇಲೆ ಬ್ಯಾಂಕಿನ ಬೋಜಾ ಎಷ್ಟಿದೆ, ಅಣ್ಣತಮ್ಮಂದಿರ ತಕರಾರು ಇದೆಯೇ ಎಂದು ನಾಲ್ಕು ಮಂದಿಯನ್ನು ಕೇಳಿಯೇ ಮಾತು ಮುಂದುವರಿಸುತ್ತಾನೆ. ಅದೇ ಮನೆಯ ಮಗ ದುಬೈಗೆ ಹೊರಟಾಗ ವಾಟ್ಸಾಪಿನಲ್ಲಿ ಬಂದ ಒಂದು ಹಾಳೆಯನ್ನು ನಂಬಿ ಲಕ್ಷ ರೂಪಾಯಿ ಕೊಟ್ಟುಬಿಡುತ್ತಾರೆ. ಕೆಲಸ ಕೊಡುವ ಕಂಪನಿಗೂ ಉತಾರದಂಥ ಕಾಗದವೊಂದಿದೆ. ಅದರ ಹೆಸರು ಟ್ರೇಡ್ ಲೈಸೆನ್ಸ್. ಅದನ್ನು ಕೇಳಿ ಪಡೆಯಬಹುದು, ಮನೆಯಲ್ಲೇ ಕೂತು ಪರೀಕ್ಷಿಸಲೂಬಹುದು.

ಈಚೆಗೆ ನಮ್ಮೂರಿನ ಐಟಿಐ ಮುಗಿಸಿದ ಹುಡುಗನೊಬ್ಬ ಅಂಥದೇ ಹಾಳೆ ಹಿಡಿದು ಬಂದಿದ್ದ. "ಕಾಕಾ, ಎಲೆಕ್ಟ್ರಿಷಿಯನ್ ಕೆಲಸ ಐತ್ರಿ, ತಿಂಗಳಿಗೆ 1,800 ದಿರ್ಹಮ್, ಊಟ-ರೂಮ್ ಕಂಪನೀದ. ಮೊದ್ಲ ವಿಸಿಟ್ ವೀಸಾ ಮ್ಯಾಲ ಬಾ, ಅಲ್ಲಿ ಬದಲಿ ಮಾಡ್ತೀವಿ ಅಂದಾರ್ರಿ" ಎಂದ. ಏಜೆಂಟ್ ಕೇಳಿದ್ದು ಒಂದು ಲಕ್ಷ ಇಪ್ಪತ್ತು ಸಾವಿರ. ಪಾಸ್‌ಪೋರ್ಟ್ ಹೊಸದು, ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ ಅದರ ಮೇಲೆ ಇಸಿಆರ್ ಮುದ್ರೆ ಇಲ್ಲ. ಅದನ್ನವನು ಹೆಮ್ಮೆಯಿಂದಲೇ ತೋರಿಸಿದ. ನನಗೆ ಆತಂಕ ಹುಟ್ಟಿದ್ದು ಅಲ್ಲೇ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್ ಎಂದು ಗುರುತು ಹಾಕುತ್ತಾರೆ. ಅಂಥವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ 1983ರ ವಲಸೆ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಬೇಕು. ಅದಕ್ಕಾಗಿ ವಿದೇಶದ ಮಾಲಿಕನ ವಿವರ ಮತ್ತು ಕರಾರು ಪತ್ರ ಇ-ಮೈಗ್ರೇಟ್ ತಾಣದಲ್ಲಿ ದಾಖಲಾಗಬೇಕು. ಎಂದರೆ ಹೊರಡುವ ಮುನ್ನ ಯಾರೋ ಒಬ್ಬ ಅಧಿಕಾರಿಯಾದರೂ ಕಂಪನಿಯ ಹೆಸರು ನೋಡಿರುತ್ತಾನೆ. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಈ ಅನುಮತಿಯೇ ಬೇಕಿಲ್ಲ. ಹೀಗಾಗಿ ಅವನ ಮಾಲಿಕ ಯಾರೆಂದು ನಮ್ಮ ದೇಶದಲ್ಲಿ ಯಾರೂ ಕೇಳುವುದಿಲ್ಲ. ರೋಣ, ನರಗುಂದ, ಗಜೇಂದ್ರಗಡದ ಐಟಿಐ, ಡಿಪ್ಲೊಮಾ ಹುಡುಗರೆಲ್ಲ ಈ ಗುಂಪಿನವರೇ. ಓದಿದ್ದೇ ಅವರನ್ನು ತಪಾಸಣೆಯಿಂದ ಹೊರಗಿಟ್ಟಿದೆ. ಆ ತಪಾಸಣೆಯನ್ನು ಈಗ ಅವರೇ ಮಾಡಿಕೊಳ್ಳಬೇಕು, ಇಲ್ಲವೇ ಮನೆಯವರು ಮಾಡಬೇಕು.

ಕೆಲಸ ಕೊಡುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಕಲಬುರಗಿ ಜಿಲ್ಲೆ ಕಣ್ಣಾರೆ ಕಂಡಿದೆ. 2023ರ ಕೊನೆಗೆ ಅಲ್ಲಿಯ ಯುವಕರು ರಷ್ಯಾದಲ್ಲಿ ಭದ್ರತಾ ಕೆಲಸ ಎಂಬ ಮಾತು ನಂಬಿ ಹೋದರು. ಸಿಕ್ಕಿದ್ದು ರಷ್ಯಾ ಸೇನೆಯ ಜೊತೆ ಯುದ್ಧಭೂಮಿಯ ದುಡಿಮೆ. ಅವರು ಮನೆ ಸೇರಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಅವರಂತೆಯೇ ಕೆಲಸಕ್ಕೆಂದು ಹೋದ ಬೇರೆ ರಾಜ್ಯದ ಕೆಲವರು ಬದುಕಿ ಬರಲೇ ಇಲ್ಲ.

ಹುಡುಗನ ಹಾಳೆಗೆ ಬರೋಣ. ಮೇಲೆ ಕಂಪನಿಯ ಹೆಸರು, ಹೆಸರಿನ ಕೊನೆಗೆ "ಜನರಲ್ ಟ್ರೇಡಿಂಗ್ ಎಫ್‌ಝಡ್‌ಇ" ಎಂದಿತ್ತು. ಕೆಳಗೆ ಠಸ್ಸೆ, ಸಹಿ. ಲೈಸೆನ್ಸ್ ಸಂಖ್ಯೆ ಎಲ್ಲೂ ಇರಲಿಲ್ಲ. ಏಜೆಂಟನಿಗೆ ಫೋನು ಮಾಡಿ ಲೈಸೆನ್ಸಿನ ಪ್ರತಿ ಕಳಿಸು ಎಂದು ಕೇಳಲು ಹೇಳಿದೆ. ಎರಡು ದಿನ ಸತಾಯಿಸಿ ಫೋಟೊ ಕಳಿಸಿದ.

ಯುಎಇಯ ಟ್ರೇಡ್ ಲೈಸೆನ್ಸ್ ಸಾಮಾನ್ಯವಾಗಿ ಒಂದೆರಡು ಪುಟದ್ದು, ಅರಬಿ ಮತ್ತು ಇಂಗ್ಲಿಷ್ ಎರಡರಲ್ಲೂ ಇರುತ್ತದೆ. ಅದರಲ್ಲಿ ಲೈಸೆನ್ಸ್ ಸಂಖ್ಯೆ, ಕೊಟ್ಟ ಇಲಾಖೆ, ಕಂಪನಿಯ ಕಾನೂನು ಸ್ವರೂಪ, ಮಾಡಬಹುದಾದ ವ್ಯವಹಾರಗಳ ಪಟ್ಟಿ, ಮುಗಿಯುವ ದಿನಾಂಕ ಇರುತ್ತವೆ. ಹೆಚ್ಚಿನವರು ದಿನಾಂಕ ನೋಡಿ ಸುಮ್ಮನಾಗುತ್ತಾರೆ. ನಿಜಕ್ಕೂ ಓದಬೇಕಾದದ್ದು ಸ್ವರೂಪ ಮತ್ತು ವ್ಯವಹಾರಗಳ ಪಟ್ಟಿ.

ಸ್ವರೂಪ ಎಂದರೇನು? ದುಬೈ, ಶಾರ್ಜಾದಂಥ ಎಮಿರೇಟಿನ ಆರ್ಥಿಕ ಇಲಾಖೆಯಿಂದ ಲೈಸೆನ್ಸ್ ಪಡೆದದ್ದು ಮೇನ್‌ಲ್ಯಾಂಡ್ ಕಂಪನಿ. ಅಂಥವುಗಳ ಹೆಸರಿನ ಕೊನೆಗೆ ಬಹುತೇಕ ಎಲ್‌ಎಲ್‌ಸಿ ಎಂದಿರುತ್ತದೆ. ಅದರ ಕಾರ್ಮಿಕರು ಅಲ್ಲಿಯ ಮಾನವ ಸಂಪನ್ಮೂಲ ಸಚಿವಾಲಯದ, ಅಂದರೆ ಮೊಹ್ರೆಯ ಕೆಳಗೆ ಬರುತ್ತಾರೆ. ಎಫ್‌ಝಡ್‌ಇ, ಎಫ್‌ಝಡ್‌ಸಿಒ ಎಂದು ಕೊನೆಯಾಗುವವು ಫ್ರೀ ಝೋನ್ ಕಂಪನಿಗಳು. ಜೆಬೆಲ್ ಅಲಿಯಂಥ ಒಂದೊಂದು ಝೋನಿಗೂ ತನ್ನದೇ ಪ್ರಾಧಿಕಾರವಿದೆ. ಲೈಸೆನ್ಸ್ ಕೊಡುವುದು ಅದೇ, ಕಾರ್ಮಿಕನ ದೂರು ಮೊದಲು ಹೋಗುವುದೂ ಅಲ್ಲಿಗೇ. ಇನ್ನೊಂದು ಬಗೆ ಆಫ್‌ಶೋರ್ ಕಂಪನಿ. ಆಸ್ತಿ, ಷೇರು ಇಟ್ಟುಕೊಳ್ಳಲು ಮಾಡಿಕೊಂಡ ಈ ಕಂಪನಿಗೆ ಯುಎಇಯಲ್ಲಿ ಆಳು ಇಟ್ಟುಕೊಳ್ಳುವ, ವೀಸಾ ಕೊಡಿಸುವ ಅಧಿಕಾರವೇ ಇಲ್ಲ. ಆಫರ್ ಪತ್ರ ಕೊಟ್ಟದ್ದು ಆಫ್‌ಶೋರ್ ಕಂಪನಿ ಎಂದು ಗೊತ್ತಾದರೆ ಮುಂದೆ ಏನನ್ನೂ ನೋಡುವ ಅಗತ್ಯವಿಲ್ಲ, ಅಲ್ಲಿಗೇ ಬಿಡಬೇಕು.

ನಮ್ಮ ಹುಡುಗನ ಕಂಪನಿ ಫ್ರೀ ಝೋನಿನದು. ಅಷ್ಟರಿಂದಲೇ ಅದು ಮೋಸವಾಗುವುದಿಲ್ಲ, ಫ್ರೀ ಝೋನ್‌ಗಳಲ್ಲಿ ಒಳ್ಳೆಯ ಕೆಲಸ ಮಾಡುತ್ತಿರುವ ಕನ್ನಡಿಗರು ಬಹಳ ಮಂದಿ ಇದ್ದಾರೆ. ಆದರೆ ಆಫರ್ ಪತ್ರದಲ್ಲಿ ಕೆಲಸದ ಜಾಗ ಎಂದು ಬರೆದದ್ದು ಶಾರ್ಜಾದ ಒಂದು ಕಟ್ಟಡದ ಸೈಟು. ಫ್ರೀ ಝೋನಿನ ಪರವಾನಗಿ ಮೇಲೆ ಬಂದವನನ್ನು ಹಾಗೆ ಹೊರಗಿನ ಸೈಟಿನಲ್ಲಿ ಬೇರೆಯವರ ಕೈಕೆಳಗೆ ದುಡಿಸುವಂತಿಲ್ಲ. ವ್ಯವಹಾರಗಳ ಪಟ್ಟಿಯಲ್ಲಿ ಇದ್ದದ್ದು ಜನರಲ್ ಟ್ರೇಡಿಂಗ್ ಒಂದೇ, ಎಂದರೆ ಸರಕು ಕೊಂಡು ಮಾರುವ ವ್ಯಾಪಾರ. ಕಟ್ಟಡಕ್ಕೆ ವೈರಿಂಗ್ ಮಾಡುವ ಕಂಪನಿಯ ಲೈಸೆನ್ಸಿನಲ್ಲಿ ವಿದ್ಯುತ್ ಗುತ್ತಿಗೆ ಕೆಲಸ ಎಂದು ಇರಬೇಕು. ಸರಕು ಮಾರುವ ಅಂಗಡಿ ಕಟ್ಟಡದ ಸೈಟಿಗೆ ಎಲೆಕ್ಟ್ರಿಷಿಯನ್‌ನನ್ನು ಯಾಕೆ ಕರೆಸುತ್ತಿದೆ? "ನೀ ಇಷ್ಟು ಕೇಳು ಸಾಕು" ಎಂದೆ ಹುಡುಗನಿಗೆ. ಕೆಲವೊಮ್ಮೆ ಇದಕ್ಕೆ ಸರಿಯಾದ ಉತ್ತರ ಇರುವುದುಂಟು. ಕಾರ್ಮಿಕರನ್ನು ಪೂರೈಸಲೆಂದೇ ಅನುಮತಿ ಪಡೆದ ಕಂಪನಿಗಳಿವೆ, ಅವು ತಮ್ಮ ಆಳುಗಳನ್ನು ಬೇರೆ ಸೈಟಿಗೆ ಕಳಿಸಬಹುದು. ಹಾಗಿದ್ದರೆ ಆ ಮಾತು ಲೈಸೆನ್ಸಿನಲ್ಲೇ ಬರೆದಿರುತ್ತದೆ.

ಫೋಟೊದಲ್ಲಿ ಬಂದ ಲೈಸೆನ್ಸ್ ನಿಜವೋ ಸುಳ್ಳೋ ಎಂಬುದು ಬೇರೆ ಪ್ರಶ್ನೆ. ಯುಎಇಯ ಆರ್ಥಿಕತೆ ಸಚಿವಾಲಯದ ನ್ಯಾಷನಲ್ ಎಕನಾಮಿಕ್ ರಿಜಿಸ್ಟರ್ ಎಂಬ ತಾಣದಲ್ಲಿ ಕಂಪನಿಯ ಹೆಸರನ್ನೋ ಲೈಸೆನ್ಸ್ ಸಂಖ್ಯೆಯನ್ನೋ ಹಾಕಿ ಹುಡುಕಬಹುದು. ಫ್ರೀ ಝೋನ್ ಕಂಪನಿಯಾದರೆ ಆಯಾ ಝೋನಿನ ಪ್ರಾಧಿಕಾರಕ್ಕೆ ಬರೆದು ಕೇಳುವುದು ಇನ್ನೂ ಖಾತ್ರಿ. ಹೆಸರು ಸಿಕ್ಕಿತೆಂದು ನಿಟ್ಟುಸಿರು ಬಿಡುವ ಹಾಗಿಲ್ಲ. ಪಳಗಿದ ಮೋಸಗಾರರು ಇಲ್ಲದ ಕಂಪನಿಯನ್ನು ಹುಟ್ಟಿಸುವ ಗೋಜಿಗೆ ಹೋಗುವುದಿಲ್ಲ, ಇರುವ ದೊಡ್ಡ ಕಂಪನಿಯ ಹೆಸರು, ಲೈಸೆನ್ಸ್ ಸಂಖ್ಯೆಗಳನ್ನೇ ಕದ್ದು ಪತ್ರ ಬರೆಯುತ್ತಾರೆ. ಅದಕ್ಕೆ ಆಫರ್ ಪತ್ರದಲ್ಲಿ ಕೊಟ್ಟ ನಂಬರಿಗೆ ಫೋನು ಮಾಡಬಾರದು, ಅದನ್ನು ಎತ್ತುವವನು ಅವರ ಮನುಷ್ಯನೇ. ಸರ್ಕಾರಿ ದಾಖಲೆಯಲ್ಲೋ ಕಂಪನಿಯ ಸ್ವಂತ ತಾಣದಲ್ಲೋ ಇರುವ ನಂಬರು ಹುಡುಕಿ, ಈ ಹೆಸರಿನವನಿಗೆ ನೀವು ಕೆಲಸ ಕೊಟ್ಟಿದ್ದೀರಾ ಎಂದು ಕೇಳಬೇಕು.

ಮೇನ್‌ಲ್ಯಾಂಡ್ ಕಂಪನಿಗಳ ವಿಷಯದಲ್ಲಿ ಇನ್ನೊಂದು ಅನುಕೂಲವಿದೆ. 2016ರಿಂದ ಮೊಹ್ರೆ ತನ್ನದೇ ನಮೂನೆಯ ಆಫರ್ ಪತ್ರವನ್ನು ಕಡ್ಡಾಯ ಮಾಡಿದೆ. ಕಾರ್ಮಿಕ ತನ್ನ ದೇಶದಲ್ಲಿದ್ದಾಗಲೇ ಅದನ್ನು ಓದಿ ಸಹಿ ಮಾಡಬೇಕು, ಆಮೇಲೆಯೇ ಕೆಲಸದ ಪರವಾನಗಿ. ಅದರ ಮೇಲಿನ ಸಂಖ್ಯೆಯನ್ನು ಮೊಹ್ರೆಯ ತಾಣದಲ್ಲಿ ಹಾಕಿದರೆ ಪತ್ರ ಅಸಲಿಯೇ ಎಂದು ತಿಳಿಯುತ್ತದೆ. ಈ ಪತ್ರ ಹಿಂದಿ, ಮಲಯಾಳಂ, ತಮಿಳಿನಲ್ಲಿ ಸಿಗುತ್ತದೆ, ಕನ್ನಡದಲ್ಲಿ ಸಿಗುವುದಿಲ್ಲ. ಇಂಗ್ಲಿಷ್ ಬಲ್ಲ ಒಬ್ಬ ಮೇಷ್ಟ್ರನ್ನು ಕೂರಿಸಿಕೊಂಡು ಮೂಲ ಸಂಬಳ ಎಷ್ಟು, ಭತ್ಯೆ ಎಷ್ಟು ಎಂದು ಬಿಡಿಸಿ ಓದಿಸಿಕೊಳ್ಳಲೇಬೇಕು. ಕೆಲಸ ಬಿಡುವಾಗಿನ ಗ್ರಾಚ್ಯುಟಿಯ ಲೆಕ್ಕ ನಡೆಯುವುದು ಮೂಲ ಸಂಬಳದ ಮೇಲೆ. ಕೊನೆಗೆ ವೀಸಾ ಕೈಗೆ ಬಂದಾಗ ಅದರಲ್ಲಿ ಪ್ರಾಯೋಜಕ ಎಂದಿರುವ ಹೆಸರು, ಲೈಸೆನ್ಸಿನ ಹೆಸರು, ಆಫರ್ ಪತ್ರದ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಒಂದೇ ಹೆಸರಿನ ಎಲ್‌ಎಲ್‌ಸಿ ಬೇರೆ, ಎಫ್‌ಝಡ್‌ಇ ಬೇರೆ. ಸಂಬಳ ನಿಂತಾಗ ಕೇಳಬೇಕಾದದ್ದು ವೀಸಾ ಕೊಟ್ಟ ಕಂಪನಿಯನ್ನು.

ವಿಸಿಟ್ ವೀಸಾದ ಮಾತಿಗೆ ಹುಡುಗನಿಗೆ ನಾನು ಕಟ್ಟುನಿಟ್ಟಾಗಿಯೇ ಹೇಳಿದೆ. ಆ ವೀಸಾದ ಮೇಲೆ ದುಡಿಯುವುದು ಅಲ್ಲಿ ಅಪರಾಧ. 2024ರಲ್ಲಿ ಕಾನೂನು ತಿದ್ದಿ, ಪರವಾನಗಿ ಇಲ್ಲದೆ ಆಳು ಇಟ್ಟುಕೊಳ್ಳುವ ಮಾಲಿಕನಿಗೆ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್‌ವರೆಗೆ ದಂಡ ಇಟ್ಟಿದ್ದಾರೆ. ಇಷ್ಟು ದಂಡದ ಭಯವಿದ್ದೂ ಹಾಗೆ ಕರೆಸುವವನು ನಾಳೆ ತೊಂದರೆ ಬಂದರೆ ಈ ಹುಡುಗ ನಮ್ಮವನೇ ಅಲ್ಲ ಎನ್ನುತ್ತಾನೆ. ವೀಸಾ, ನೇಮಕಾತಿಯ ಖರ್ಚನ್ನು ಕಾರ್ಮಿಕನಿಂದ ವಸೂಲಿ ಮಾಡಬಾರದು ಎಂದು ಅಲ್ಲಿಯ 2021ರ ಕಾರ್ಮಿಕ ಕಾನೂನು ಹೇಳುತ್ತದೆ. ನಮ್ಮಲ್ಲಿ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿ ಇದೆ. ಒಂದು ಲಕ್ಷ ಇಪ್ಪತ್ತು ಸಾವಿರ ಕೇಳಿದವನ ಹೆಸರು ಇ-ಮೈಗ್ರೇಟ್ ತಾಣದ ನೋಂದಾಯಿತ ಏಜೆಂಟರ ಪಟ್ಟಿಯಲ್ಲಿ ಇರಲೇ ಇಲ್ಲ.

ಲೈಸೆನ್ಸ್ ಎಲ್ಲವನ್ನೂ ಹೇಳುವುದಿಲ್ಲ ಎಂಬುದೂ ನಿಜ. ಕಂಪನಿ ಸಾಲದಲ್ಲಿ ಮುಳುಗಿದೆಯೇ, ಮೂರು ತಿಂಗಳಿಂದ ಸಂಬಳ ಕೊಟ್ಟಿಲ್ಲವೇ ಎಂಬುದು ಆ ಕಾಗದದಲ್ಲಿ ಇರುವುದಿಲ್ಲ. 2019ರಲ್ಲಿ ಮಂಗಳೂರು ಕಡೆಯ ಮೂವತ್ತಕ್ಕೂ ಹೆಚ್ಚು ಯುವಕರು ಕುವೈತಿನಲ್ಲಿ ಸಂಬಳವಿಲ್ಲದೆ ಸಿಕ್ಕಿಬಿದ್ದು, ವಿಡಿಯೊ ಮಾಡಿ ಕಳಿಸಿ, ಶಾಸಕರು ಮತ್ತು ಅಲ್ಲಿಯ ಅನಿವಾಸಿ ಉದ್ಯಮಿಗಳ ನೆರವಿನಿಂದ ಊರಿಗೆ ಮರಳಬೇಕಾಯಿತು. ಸಂಬಳದ ವಿಷಯಕ್ಕೆ ಅದೇ ಕಂಪನಿಯಲ್ಲಿ ಈಗ ದುಡಿಯುತ್ತಿರುವ ಒಬ್ಬರನ್ನು ಹುಡುಕಿ ಮಾತಾಡಬೇಕು. ಕರಾವಳಿಯವರಿಗೆ ಅಲ್ಲಿ ಬಂಧುಬಳಗ ಇದೆ, ಕೇಳಿ ತಿಳಿಯುತ್ತಾರೆ. ನಮ್ಮ ಬಯಲುಸೀಮೆಯವರಿಗೆ ಆ ದಾರಿ ಕಡಿಮೆ. ಹಾಗಾಗಿ ಭಾರತ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಫೋನು ಮಾಡುವುದು ಒಳ್ಳೆಯದು. ಊರಿನಿಂದ 1800 11 3090, ಯುಎಇ ತಲುಪಿದವರಿಗೆ 800 46342. ದುಬೈಯ ನಮ್ಮ ಕಾನ್ಸುಲೇಟ್‌ಗೆ ಆಫರ್ ಪತ್ರ, ಲೈಸೆನ್ಸಿನ ಪ್ರತಿ ಕಳಿಸಿ ಪರೀಕ್ಷಿಸಲು ಕೇಳಿಕೊಳ್ಳಬಹುದು.

ಕಾಗದ ಎಲ್ಲವೂ ಸರಿ ಇದ್ದು ಹೊರಡುವವರು ಲೈಸೆನ್ಸ್, ಸಹಿ ಮಾಡಿದ ಆಫರ್ ಪತ್ರ, ವೀಸಾ, ಪಾಸ್‌ಪೋರ್ಟ್ ಇವುಗಳ ಒಂದೊಂದು ಪ್ರತಿಯನ್ನು ಮನೆಯಲ್ಲಿ ಅವ್ವನ ಕೈಗೋ ಅಣ್ಣನ ಕೈಗೋ ಕೊಟ್ಟು ಹೋಗಿ. ಮಗನ ಫೋನು ನಿಂತ ದಿನ ರಾಯಭಾರ ಕಚೇರಿಗೆ ಕರೆ ಮಾಡಿದರೆ ಅವರು ಮೊದಲು ಕೇಳುವುದು ಕಂಪನಿಯ ಪೂರ್ತಿ ಹೆಸರು ಏನು, ಯಾವ ಎಮಿರೇಟಿನದು ಎಂದು. ಬರೀ "ದುಬೈದಾಗ ಅದಾನ್ರಿ" ಎಂದರೆ ಅವರಿಗೂ ಹುಡುಕಲು ದಾರಿ ಇರುವುದಿಲ್ಲ.