ಅವಧಿ ಬೆಳೆಸಿದ್ದು ಬ್ಯಾಂಕ್, ದಂಡ ಸಾಲಗಾರನಿಗೆ



ಮ್ಯಾಂಡೇಟ್ ಅವಧಿ ಮುಗಿದು ಗೃಹಸಾಲದ ಕಂತು ಬೌನ್ಸ್ ಆದ ಬಗ್ಗೆ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಉಳಿತಾಯ ಖಾತೆಯಲ್ಲಿ ಹಣವಿತ್ತು, ಆದರೂ ದಂಡ ಬಿತ್ತು. ಅದಕ್ಕೆ ಬ್ಯಾಂಕಿನವರು ಕೊಟ್ಟ ಉತ್ತರ, 'ದಿನಾಂಕವನ್ನು ಗ್ರಾಹಕರೇ ನೋಡಿಕೊಳ್ಳಬೇಕಿತ್ತು' ಎಂಬುದು. ಈ ಮಾತನ್ನು ಒಪ್ಪಲು ಸಾಧ್ಯವೇ ಇಲ್ಲ. ಅಂಥ ದಿನಾಂಕ ಯಾಕೆ ಮೀರುತ್ತದೆ ಎಂಬುದನ್ನು ಅವರು ಹೇಳಲೇ ಇಲ್ಲ. ಸಾಲ ಕೊಡುವಾಗ ಬರೆಸಿಕೊಳ್ಳುವ ನ್ಯಾಚ್ ಮ್ಯಾಂಡೇಟಿನಲ್ಲಿ ಕೊನೆಯ ದಿನಾಂಕವೊಂದು ಇರುತ್ತದೆ. ಎಷ್ಟೋ ಸಲ ಅದನ್ನು ಮೂಲ ಸಾಲದ ಕೊನೆಯ ಕಂತಿಗೇ ನಿಲ್ಲಿಸಿರುತ್ತಾರೆ. ಆದರೆ ಬಡ್ಡಿದರ ಬದಲಾಗುವ ಸಾಲದಲ್ಲಿ ಕೊನೆಯ ಕಂತು ಅಲ್ಲೇ ನಿಲ್ಲುವುದಿಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೊ ದರ ಶೇ 4ರಿಂದ ಶೇ 6.5ಕ್ಕೆ ಏರಿತು. ಆಗ ಅನೇಕ ಬ್ಯಾಂಕುಗಳು ಕಂತಿನ ಮೊತ್ತವನ್ನು ಮುಟ್ಟದೆ ಕಂತುಗಳ ಸಂಖ್ಯೆಯನ್ನು ಹೆಚ್ಚಿಸಿದವು.

ಲೆಕ್ಕ ಹಾಕಿ ನೋಡಿ. ಬಾಕಿ 5 ಲಕ್ಷ ರೂಪಾಯಿ, ಬಡ್ಡಿ ಶೇ 7, ಉಳಿದದ್ದು 48 ಕಂತು ಎಂದುಕೊಳ್ಳೋಣ. ತಿಂಗಳ ಕಂತು ಸುಮಾರು 11,973 ರೂಪಾಯಿ. ಬಡ್ಡಿ ಶೇ 9.5 ಆಗಿ ಕಂತು ಅಷ್ಟೇ ಉಳಿದರೆ ಸಾಲ ತೀರಲು 51 ಕಂತು ಬೇಕು. ಮ್ಯಾಂಡೇಟ್ ಮಾತ್ರ 48ನೆಯ ಕಂತಿಗೇ ಮುಗಿದಿರುತ್ತದೆ. ಉಳಿದ ಮೂರು ತಿಂಗಳು ಖಾತೆಯಲ್ಲಿ ಹಣವಿದ್ದರೂ ಅದನ್ನು ಎಳೆದುಕೊಳ್ಳುವ ಅನುಮತಿ ಬ್ಯಾಂಕಿನ ಬಳಿ ಇರುವುದಿಲ್ಲ. ಅವಧಿ ಬೆಳೆಸಿದ್ದು ಬ್ಯಾಂಕ್, ಹೊಸ ಕೊನೆಯ ದಿನಾಂಕ ಮೊದಲು ಗೊತ್ತಾಗುವುದೂ ಅದಕ್ಕೇ. ಹಾಗಿದ್ದ ಮೇಲೆ ಹೊಸ ಮ್ಯಾಂಡೇಟ್ ಕೇಳಿ ಪಡೆಯುವ ಹೊಣೆ ಯಾರದು?

'ಎಸ್‌ಎಂಎಸ್ ಕಳಿಸಿದ್ದೇವೆ' ಎನ್ನುತ್ತಾರೆ. ಕಂತಿನ ದಿನ ಹತ್ತಿರ ಬಂತು, ಖಾತೆಯಲ್ಲಿ ಹಣ ಇಡಿ ಎನ್ನುವ ಸಂದೇಶ ಅದು. ಮ್ಯಾಂಡೇಟ್ ಮುಗಿಯುತ್ತಿದೆ ಎಂಬ ಮಾತು ಅದರಲ್ಲಿ ಎಲ್ಲಿದೆ? ದರ ಬದಲಾದಾಗ ಕಂತು ಹೆಚ್ಚಿಸಬೇಕೋ ಅವಧಿ ಬೆಳೆಸಬೇಕೋ ಎಂದು ಸಾಲಗಾರನನ್ನು ಕೇಳಬೇಕು, ಪ್ರತಿ ತ್ರೈಮಾಸಿಕದ ಲೆಕ್ಕಪಟ್ಟಿಯಲ್ಲಿ ಉಳಿದ ಕಂತುಗಳ ಸಂಖ್ಯೆ ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲೇ ಹೇಳಿದೆ. ಆ ಸಂಖ್ಯೆಯ ಪಕ್ಕದಲ್ಲೇ ಮ್ಯಾಂಡೇಟಿನ ಕೊನೆಯ ದಿನಾಂಕವನ್ನೂ ಮುದ್ರಿಸಲು ಏನು ಕಷ್ಟ?

ಇನ್ನು ಹಣ ಕಡಿಮೆ ಇದ್ದು ಕಂತು ತಪ್ಪಿದರೆ ತಪ್ಪು ಸಾಲಗಾರನದೇ, ಅಲ್ಲಗಳೆಯುವುದಿಲ್ಲ. ಆದರೆ ಒಂದು ತಪ್ಪಿಗೆ ಎಷ್ಟು ದಂಡ? ಉಳಿತಾಯ ಖಾತೆಯಿರುವ ಬ್ಯಾಂಕ್ ವಾಪಸಾತಿ ಶುಲ್ಕ ಕಿತ್ತುಕೊಳ್ಳುತ್ತದೆ, ಸಾಲ ಕೊಟ್ಟ ಸಂಸ್ಥೆ ಬೌನ್ಸ್ ಶುಲ್ಕವನ್ನೂ ತಡಪಾವತಿಯ ದಂಡವನ್ನೂ ಹಾಕುತ್ತದೆ. ಸಂಬಳ ಬರುವ ಮೊದಲೇ ಅದೇ ಕಂತನ್ನು ಮತ್ತೆ ಕಳಿಸಿದರೆ ಶುಲ್ಕಗಳೂ ಮತ್ತೆ ಬೀಳುತ್ತವೆ. 2021ರ ಆಗಸ್ಟ್‌ನಿಂದ ನ್ಯಾಚ್ ಭಾನುವಾರವೂ ನಡೆಯುವುದರಿಂದ ರಜೆಯ ದಿನವೂ ಬಿಡುವಿಲ್ಲ. ದಂಡ ತಪ್ಪಿಗೆ ತಕ್ಕಷ್ಟಿರಬೇಕು, ದಂಡದ ಮೇಲೆ ಬಡ್ಡಿ ಹಾಕಬಾರದು ಎಂಬ ನಿಯಮ ಇದ್ದೇ ಇದೆ. ದಂಡದ ಭಯವಿಲ್ಲದಿದ್ದರೆ ಸಾಲ ಕಟ್ಟುವ ಶಿಸ್ತು ಉಳಿಯದು ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಹಣ ಇಟ್ಟವನಿಗೂ ಇಡದವನಿಗೂ ಒಂದೇ ದಂಡ ಹಾಕಿದರೆ ಯಾವ ಶಿಸ್ತು ಬಂದೀತು?

ಹಣ ಸಾಲದಿರುವುದೂ ಮ್ಯಾಂಡೇಟ್ ಮುಗಿಯುವುದೂ ಒಂದೇ ಅಲ್ಲ ಎಂದು ಕಾನೂನೇ ಹೇಳುತ್ತದೆ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಂ ಅಪರಾಧ ಎನ್ನುವುದು ಹಣ ಸಾಲದೆ ವಾಪಸಾದ ಪಾವತಿಯನ್ನು, ಅವಧಿ ಮುಗಿದ ಮ್ಯಾಂಡೇಟನ್ನಲ್ಲ. ಹಾಗಾಗಿ ಕಂತು ತಪ್ಪಿದವರು ಮೊದಲು ಪಾಸ್‌ಬುಕ್ಕಿನಲ್ಲಿ ಆ ದಿನದ ಶಿಲ್ಕು ನೋಡಬೇಕು. ಕಂತಿಗಿಂತ ಹೆಚ್ಚು ಹಣ ಇದ್ದು, ವಾಪಸಾತಿ ಶುಲ್ಕದ ನಮೂದೇ ಇಲ್ಲದಿದ್ದರೆ ಬೇಡಿಕೆ ಆ ಖಾತೆಗೆ ಬಂದೇ ಇಲ್ಲದಿರಬಹುದು. ವಾಪಸಾದ ಕಾರಣವನ್ನು ಸಾಲ ಕೊಟ್ಟ ಬ್ಯಾಂಕಿಗೆ ಅರ್ಜಿ ಬರೆದು ಕೇಳಿ. ಹೊಸ ಮ್ಯಾಂಡೇಟ್ ನೋಂದಣಿಗೆ ಕೆಲವು ದಿನ ಹಿಡಿಯುವುದರಿಂದ ಈ ತಿಂಗಳ ಕಂತನ್ನು ನೇರವಾಗಿ ಸಾಲದ ಖಾತೆಗೇ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಹೊಸದರ ಕೊನೆಯ ದಿನಾಂಕ ಸಾಲದ ಈಗಿನ ಅವಧಿಗಿಂತ ಮುಂದಿರಲಿ, ಗರಿಷ್ಠ ಮೊತ್ತ ಕಂತಿಗಿಂತ ತುಸು ಹೆಚ್ಚಿರಲಿ. ಶುಲ್ಕ ವಾಪಸು ಕೊಡಿ, ಸಾಲದ ಚರಿತ್ರೆಯಲ್ಲಿ ಬಿದ್ದ ವಿಳಂಬದ ದಾಖಲೆ ತಿದ್ದಿ ಎಂದು ಅದೇ ಅರ್ಜಿಯಲ್ಲಿ ಬರೆಯಿರಿ. 30 ದಿನದಲ್ಲಿ ಸರಿಯಾದ ಉತ್ತರ ಸಿಗದಿದ್ದರೆ cms.rbi.org.in ಮೂಲಕ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಇಷ್ಟೆಲ್ಲ ಓಡಾಟ ಸಾಲಗಾರನಿಗೇ ಯಾಕೆ? ಅವಧಿ ಬೆಳೆಸಿದ ದಿನವೇ ಹೊಸ ಮ್ಯಾಂಡೇಟ್ ಕೇಳದ ಬ್ಯಾಂಕ್, ಹಳೆಯದು ಮುಗಿದ ಕಾರಣಕ್ಕೆ ಒಂದು ರೂಪಾಯಿಯನ್ನೂ ವಸೂಲಿ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಆದೇಶಿಸಬೇಕು.

– ಓದುಗ, ಧಾರವಾಡ